ಸಹಾಯ ಬೇಕು: ಕೋಥ್ರೂಡ್‌ನ ಪಿಸಿಓಎಸ್ ವ್ಯಾಯಾಮ ಗುಂಪಿಗೆ ಭಾರದ ಡಂಬೆಲ್

ಪುಣೆಯ ಕನ್ನಡಿಗರೇ, ಮನೆಯಲ್ಲಿ ಸುಮ್ಮನೆ ಬಿದ್ದಿರುವ 5ರಿಂದ 12 ಕಿಲೋ ಡಂಬೆಲ್ ಇದ್ದರೆ ದಯವಿಟ್ಟು ಕೊಡಿ. ತೂಕ ಬದಲಿಸುವಂಥದ್ದಾದರೆ ಇನ್ನೂ ಒಳ್ಳೆಯದು.

2 ಕಿಲೋದ್ದು ಸಾಕಷ್ಟಿವೆ, ಆದರೆ ಅದನ್ನು ಮೂವತ್ತು ಸಲ ಎತ್ತಿದರೂ ತೊಡೆಗೆ ಸಾಕಷ್ಟು ಕೆಲಸ ಸಿಗುವುದಿಲ್ಲ. ಪಿಸಿಓಎಸ್ ಎಂಬ ಹೆಂಗಸರ ಹಾರ್ಮೋನ್ ತೊಂದರೆಯಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಸಾಮಾನ್ಯ. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರುವುದು ಸ್ನಾಯು. ಅದಕ್ಕೇ ವಾರಕ್ಕೆರಡು ದಿನ, ನಡುವೆ ಬಿಡುವು ಕೊಟ್ಟು, ಭಾರದ ವ್ಯಾಯಾಮ.

ಉದಾಹರಣೆಗೆ, 6 ಕಿಲೋ ಡಂಬೆಲನ್ನು ಎದೆಗೆ ಅವಚಿಕೊಂಡು ಸ್ಕ್ವಾಟ್, ಮೂರು ಸೆಟ್. ಮೊದಲ ದಿನ 8, 8, 7 ಸಲ ಆದೀತು. ಇನ್ನೆರಡು ಸಲ ಆಗುತ್ತಿತ್ತು ಅನ್ನಿಸುವಾಗಲೇ ನಿಲ್ಲಿಸಬೇಕು. ಮೂರರಲ್ಲೂ 10 ಬಂದ ಮೇಲೆ 7.5 ಕಿಲೋ. ಮೊಣಕಾಲು ಒಳಕ್ಕೆ ವಾಲಿದರೆ ಭಾರ ಜಾಸ್ತಿಯಾಗಿರಬಹುದು.

ಬರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಮೂರು ತಿಂಗಳಲ್ಲಿ ಬಲ ಹೆಚ್ಚುತ್ತದೆ, ಸೊಂಟದ ಸುತ್ತಳತೆ ಇಳಿಯಬಹುದು. ತಕ್ಕಡಿಯ ಮುಳ್ಳು ಅಲುಗದೆಯೂ ಇರಬಹುದು. ಮುಟ್ಟು ಕ್ರಮಕ್ಕೆ ಬರುತ್ತದೆಂಬ ಖಾತರಿಯಿಲ್ಲ, ಮುಖದ ಕೂದಲು ವ್ಯಾಯಾಮದಿಂದ ಉದುರುವುದಿಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರನ್ನು ಕಾಣಲೇಬೇಕು.

ಡಂಬೆಲ್ ಇದ್ದವರು ಕೆಳಗೆ ತೂಕ ಬರೆಯಿರಿ, ನಾವೇ ಬಂದು ಒಯ್ಯುತ್ತೇವೆ.