ಡಿಸ್ಕ್ ಉಬ್ಬಿ ಕಾಲು ಸೆಳೆಯುವಾಗ ಯಾವ ಚಲನೆ ಮಾಡಬಹುದು?

ಡೊಂಬಿವಲಿಯ ಸದಸ್ಯ: ವಯಸ್ಸು 38. ಎಂಆರ್‌ಐನಲ್ಲಿ ಸೊಂಟದ ಕೆಳತುದಿಯ ಎಲ್5-ಎಸ್1 ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಬಲಗಾಲಲ್ಲಿ ಮೀನಖಂಡದವರೆಗೂ ಸೆಳೆತ. ಕೂತರೆ ಜಾಸ್ತಿ, ನಡೆದರೆ ಸ್ವಲ್ಪ ಹಗುರ. ದಿನಾ ಲೋಕಲ್ ರೈಲಲ್ಲಿ ಮುಂಬೈನ ಸಿಎಸ್‌ಎಂಟಿಗೆ ಹೋಗಿಬರಬೇಕು. ಯಾವ ಚಲನೆ ಮಾಡಿದರೆ ತೊಂದರೆ ಆಗಲ್ಲ?

ಫಿಸಿಯೋಥೆರಪಿಸ್ಟ್, ಮಾಟುಂಗಾ: ಇಂಥವರಿಗೆ ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದೇ ಹಿತ. ಮೊದಲು ಬರೀ ಬೋರಲಾಗಿ 2-3 ನಿಮಿಷ ಮಲಗಿ. ಕಾಲಿನ ನೋವು ಏರದಿದ್ದರೆ ಮೊಣಕೈ ಊರಿ ಎದೆ ಎತ್ತಿ ಅಷ್ಟೇ ಹೊತ್ತು ಇರಿ. ಅದೂ ಸರಿಹೋದರೆ ಅಂಗೈ ಊರಿ ಎದೆ ಎತ್ತಿ ಇಳಿಸಿ, 10 ಸಲ. ಸೊಂಟ ನೆಲಕ್ಕೆ ಸಡಿಲವಾಗಿ ಬಿದ್ದಿರಲಿ, ಕೈಯೇ ಕೆಲಸ ಮಾಡಲಿ.

ನೋವು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅಂತ ನೋಡಿ. 10 ಸಲ ಆದಮೇಲೆ ಮೀನಖಂಡದ ಸೆಳೆತ ಬಿಟ್ಟು ಪೃಷ್ಠದಲ್ಲೋ ಬೆನ್ನಲ್ಲೋ ನೋವು ಕೂತರೆ, ಬೆನ್ನು ಮೊದಲಿಗಿಂತ ನೊಂದರೂ ಒಳ್ಳೆಯ ಲಕ್ಷಣ. 2-3 ಗಂಟೆಗೊಮ್ಮೆ ಮಾಡಿ. ಪಾದದ ಕಡೆ ಇಳಿದರೆ, ಜೋಮು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ.

ರಾತ್ರಿ ಮಲಗಿದ್ದಾಗ ಡಿಸ್ಕ್ ನೀರು ಹೀರಿಕೊಂಡು ಊದಿರುತ್ತೆ. ಅದಕ್ಕೇ ಎದ್ದ ಮೊದಲ ಒಂದು ಗಂಟೆ ಬಗ್ಗಿ ಬಕೆಟ್ ಎತ್ತುವುದು ಬೇಡ. ರೈಲಲ್ಲಿ ಸೀಟು ಸಿಕ್ಕರೂ ಪೂರ್ತಿ ದಾರಿ ಕೂರಬೇಡಿ, ನಡುವೆ ಎದ್ದು ನಿಲ್ಲಿ.

ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲಾಗದಿದ್ದರೆ ವ್ಯಾಯಾಮ ಬಿಟ್ಟು ಆಗಲೇ ಆಸ್ಪತ್ರೆಗೆ ಹೋಗಿ.

ಠಾಣೆಯ ಸದಸ್ಯೆ: ಅಂದ್ರೆ ಭುಜಂಗಾಸನವೇ ಅಲ್ವಾ? ಡಿಸ್ಕ್ ಇರೋರಿಗೆಲ್ಲ ಅದೇ ಮದ್ದು. ಜೊತೆಗೆ ಕಾಲು ನೀಡಿ ಹೆಬ್ಬೆರಳು ಹಿಡೀರಿ, ತೊಡೆ ಹಿಂದಿನ ಬಿಗಿ ಸಡಿಲವಾಗುತ್ತೆ.

ಫಿಸಿಯೋಥೆರಪಿಸ್ಟ್: ಭಂಗಿ ಹತ್ತಿರ ಹತ್ತಿರ ಅದೇ ಮೇಡಂ, ಆದರೆ ಆಸನದಲ್ಲಿ ಬೆನ್ನಿನ ಸ್ನಾಯು ಬಿಗಿಯುತ್ತೆ, ಇಲ್ಲಿ ಅದು ಸಡಿಲ ಇರಬೇಕು. ಹೆಬ್ಬೆರಳು ಹಿಡಿಯೋದು ಈಗ ಬೇಡವೇ ಬೇಡ. ಆ ಬಿಗಿ ಬಹಳ ಸಲ ಸ್ನಾಯುವಿನದಲ್ಲ, ಕೆರಳಿದ ನರದ್ದು. ಎಳೆದು ಹಿಡಿದರೆ ಆಗ ಹಾಯೆನಿಸಿದರೂ ಸಂಜೆಗೆ ಸೆಳೆತ ಏರುತ್ತೆ.

ಪುಣೆಯ ಸದಸ್ಯ: ನಮ್ಮ ಅಮ್ಮನಿಗೆ 70. ಅವರಿಗೂ ಕಾಲು ಸೆಳೆತ, ಆದರೆ ಬೋರಲು ಮಲಗಿದರೆ ಜಾಸ್ತಿ. ನಡೆದರೆ ಕಾಲು ಭಾರ, ಕೂತರೆ ಆರಾಮ.

ಫಿಸಿಯೋಥೆರಪಿಸ್ಟ್: ಅವರದು ಉಲ್ಟಾ ಲೆಕ್ಕ. ಈ ವಯಸ್ಸಿಗೆ ನರದ ದಾರಿ ಕಿರಿದಾಗಿರಬಹುದು. ಹಿಂದಕ್ಕೆ ಬಾಗಿದರೆ ಅದು ಇನ್ನೂ ಕಿರಿದಾಗುತ್ತೆ. ಬೋರಲು ಮಲಗಿಸಬೇಡಿ. ಅಂಗಾತ ಮಲಗಿ ಒಂದೊಂದೇ ಮಂಡಿ ಎದೆಗೆ ತಂದುಕೊಳ್ಳುವುದು ಹಿಡಿಸಬಹುದು, ಆದರೆ ಮೊದಲು ತೋರಿಸಿ.

ಡೊಂಬಿವಲಿಯ ಸದಸ್ಯ: ಸರ್, ಮಾಡಿ ನೋಡಿದೆ. ಸೆಳೆತ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಕನ್ನಡೀಲಿ ನೋಡಿದರೆ ಮೈ ಎಡಕ್ಕೆ ವಾಲಿದೆ.

ಫಿಸಿಯೋಥೆರಪಿಸ್ಟ್: ಹಾಗಾದರೆ ಎದೆ ಎತ್ತುವುದನ್ನು ಸದ್ಯಕ್ಕೆ ನಿಲ್ಲಿಸಿ. ವಾಲಿದ್ದಾಗ ಸೊಂಟವನ್ನು ಪಕ್ಕಕ್ಕೆ ಸರಿಸಿ ನೆಟ್ಟಗೆ ಮಾಡಿದ ಮೇಲೇ ಅದರಿಂದ ಗುಣ ಸಿಗುತ್ತೆ. ಎಷ್ಟು ಸರಿಸಬೇಕು ಅನ್ನೋದನ್ನ ಇಲ್ಲಿ ಬರೆದು ಹೇಳಲಾರೆ, ಹತ್ತಿರದ ಫಿಸಿಯೋ ಕೈಯಿಟ್ಟು ನೋಡಬೇಕು. ಅಲ್ಲಿವರೆಗೆ 5-10 ನಿಮಿಷದ ನಡಿಗೆ, ದಿನಕ್ಕೆ ನಾಲ್ಕೈದು ಸಲ.