ಸಹಾಯ ಬೇಕು: ಜಪಾನಿನ ಸಹೋದ್ಯೋಗಿಗಳನ್ನು ಸ್ವಾಗತಿಸುವ ಕ್ರಮ

ಎಲ್ಲರಿಗೂ ನಮಸ್ಕಾರ. ನಾನು ಹೊಸೂರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮುಂದಿನ ವಾರ ಜಪಾನಿನ ಇಬ್ಬರು ಎಂಜಿನಿಯರುಗಳು ಬರುವವರಿದ್ದು, ಅವರನ್ನು ಬಾಗಿಲಲ್ಲಿ ಎದುರುಗೊಳ್ಳುವ ಹೊಣೆ ನನ್ನದಾಗಿದೆ.

ಅಲ್ಲಿ ಕುಟುಂಬದ ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಾರೆ, ತಮ್ಮ ಹೆಸರಿಗೆ ಅದನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ನನಗೆ ತಿಳಿದಿದೆ. ಆದರೆ ಇಮೇಲಿನಲ್ಲಿ ಒಬ್ಬರು 'ಹಿರೋಶಿ ತನಕಾ' ಎಂದೂ ಇನ್ನೊಬ್ಬರು ಕುಟುಂಬದ ಹೆಸರನ್ನು ಮೊದಲಿಟ್ಟೂ ಬರೆದಂತಿದೆ. 2020ರಿಂದ ಜಪಾನ್ ಸರ್ಕಾರದ ದಾಖಲೆಗಳಲ್ಲಿ ರೋಮನ್ ಲಿಪಿಯಲ್ಲೂ ಕುಟುಂಬದ ಹೆಸರೇ ಮೊದಲು ಬರುತ್ತದೆಯಾದರೂ ಖಾಸಗಿಯವರು ಎರಡು ಬಗೆಯಲ್ಲೂ ಬರೆಯುತ್ತಾರೆ. ಹೀಗಾಗಿ ಎರಡನೆಯವರ ಹೆಸರಿನಲ್ಲಿ ಯಾವುದು ಯಾವುದೆಂದು ಗೊತ್ತಾಗುತ್ತಿಲ್ಲ. ನಮ್ಮ ಕಡೆಯ ತೊಡಕು ಇನ್ನೂ ವಿಚಿತ್ರವಾದದ್ದು: ನಮಗೆ ಮನೆತನದ ಹೆಸರಿಲ್ಲ, ತಂದೆಯ ಹೆಸರಿನ ಮೊದಲಕ್ಷರ ಮಾತ್ರ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುವುದರಿಂದ ಅವರು ಪತ್ರಗಳಲ್ಲಿ ನನ್ನನ್ನು 'ರಾಮಪ್ಪ ಸಾನ್' ಎನ್ನುತ್ತಾರೆ. ಅದು ನನ್ನ ತಂದೆಯವರ ಹೆಸರು!

ಕೈಕುಲುಕುವ ವಿಚಾರದಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ ಬಾಗಿದರೆ ಸಾಕೆಂದರು. ಬೆಂಗಳೂರಿನ ಕಚೇರಿಯವರು, ವಿದೇಶಕ್ಕೆ ಬಂದ ಜಪಾನೀಯರು ತಾವೇ ಕೈ ಚಾಚುತ್ತಾರೆ ಎಂದರು. ಎರಡನ್ನೂ ಒಟ್ಟಿಗೆ ಮಾಡಿದರೆ ತಲೆಗೆ ತಲೆ ತಾಗೀತು. ವಯಸ್ಸು, ಮದುವೆ, ಸಂಬಳದ ಮಾತು ತೆಗೆಯದೆ ಪ್ರಯಾಣ, ಊಟಗಳ ಬಗ್ಗೆಯಷ್ಟೇ ವಿಚಾರಿಸಬೇಕೆಂದುಕೊಂಡಿದ್ದೇನೆ.

ಜಪಾನೀಯರೊಂದಿಗೆ ಕೆಲಸ ಮಾಡಿರುವವರು ದಯವಿಟ್ಟು ತಿಳಿಸಿ: ಮೊದಲು ತುಸು ಬಾಗಿ, ಅವರು ಕೈ ಚಾಚಿದರೆ ಮಾತ್ರ ಕುಲುಕುವುದು ಸರಿಯೇ? ಕುಟುಂಬದ ಹೆಸರು ಯಾವುದೆಂದು ಅವರನ್ನೇ ನೇರವಾಗಿ ಕೇಳಬಹುದೇ, ಮತ್ತು ನನ್ನನ್ನು ನನ್ನ ಹೆಸರಿನಿಂದಲೇ ಕರೆಯಿರೆಂದು ಹೇಗೆ ಹೇಳಲಿ?