ಓದುಗರ ಸ್ಪಂದನ: ರಾತ್ರಿಯ ಕ್ವಿಜ್‌ನಲ್ಲಿ ಎಂಟು, ಅಣಕು ಪರೀಕ್ಷೆಯಲ್ಲಿ ನಾಲ್ಕು

(ಸಮಸ್ಯೆ: ಬೆಳಿಗ್ಗೆ ಪತ್ರಿಕೆ ಓದುತ್ತೇನೆ, ರಾತ್ರಿ ಒಂಬತ್ತಕ್ಕೆ ಮೊಬೈಲ್ ನೆನಪಿಸಿದಾಗ ಕ್ವಿಜ್ ಬರೆಯುತ್ತೇನೆ. ಹತ್ತಕ್ಕೆ ಎಂಟು ಸರಿಯಿರುತ್ತದೆ. ತಿಂಗಳ ಅಣಕು ಪರೀಕ್ಷೆಯಲ್ಲಿ ಮಾತ್ರ ಪ್ರಚಲಿತ ವಿದ್ಯಮಾನವೇ ಕೈಕೊಡುತ್ತದೆ. ಏನು ಮಾಡಲಿ?)

ಬೆಳಿಗ್ಗೆ ಓದಿದ್ದನ್ನು ಅದೇ ರಾತ್ರಿ ಕೇಳಿದರೆ ಯಾರಿಗಾದರೂ ಎಂಟು ಬರುತ್ತದೆ. ಆ ಅಂಕವನ್ನು ನಂಬಬೇಡಿ. ಅಲಾರಂ ಅನ್ನು ಮರುದಿನ ಬೆಳಿಗ್ಗೆಗೆ, ಪತ್ರಿಕೆ ಬಿಡಿಸುವ ಮೊದಲಿಗೆ ಬದಲಿಸಿ. ಹತ್ತು ಪ್ರಶ್ನೆಗಳಲ್ಲಿ ಐದು ನಿನ್ನೆಯವು, ಮೂರು ಹೋದ ವಾರದವು, ಎರಡು ಹಿಂದೆ ತಪ್ಪಿದವು ಇರಲಿ.

ಬದಲಾಗುತ್ತಲೇ ಇರುವ ಅಂಕಿಗಳಿಗೆ ದಿನದ ಟಿಪ್ಪಣಿ ಸಾಲದು. ರೆಪೊ ದರವನ್ನೇ ನೋಡಿ: 2025ರ ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.50, ಡಿಸೆಂಬರ್‌ನಲ್ಲಿ 5.25 ಶೇಕಡಾ. ಇವು ನಾಲ್ಕು ಕಡೆ ಚದುರಿದ್ದರೆ ನಾಲ್ಕೂ ಸರಿಯೆಂದೇ ತೋರುತ್ತವೆ, ಆಯ್ಕೆಗಳಲ್ಲಿ ಬರುವುದೂ ಇವೇ. ಒಂದೇ ಹಾಳೆಯಲ್ಲಿ ಹಳೆಯದನ್ನು ಹೊಡೆದು, ತಿಂಗಳ ಸಮೇತ ಹೊಸದನ್ನು ಕೆಳಗೆ ಬರೆಯಿರಿ. ಹಾಳೆಯ ತಲೆಯಲ್ಲಿ ಬದಲಾಗದ ಸಂಗತಿ ಇರಲಿ: ದರ ನಿರ್ಧರಿಸುವುದು ಆರು ಸದಸ್ಯರ ಹಣಕಾಸು ನೀತಿ ಸಮಿತಿ, ಅಧ್ಯಕ್ಷರು ಆರ್‌ಬಿಐ ಗವರ್ನರ್. ಪ್ರಶ್ನೆ ಅಲ್ಲಿಂದಲೂ ಬರುತ್ತದೆ.
– ತರಬೇತಿ ಕೇಂದ್ರವೊಂದರ ಬೋಧಕರು

‘ಅರ್ಥಶಾಸ್ತ್ರ ವೀಕು’ ಎಂದು ಬರೆದುಕೊಂಡರೆ ಭಾನುವಾರ ಏನು ಓದಬೇಕೆಂದೇ ತಿಳಿಯುವುದಿಲ್ಲ. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ಓದಿರಲಿಲ್ಲ, ಮರೆತೆ, ಅದಲುಬದಲಾಯಿತು. ಊಹಿಸಿ ಸರಿಯಾದದ್ದನ್ನೂ ತಪ್ಪಿನ ಲೆಕ್ಕಕ್ಕೇ ಹಾಕಿ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಅದೇ ಮುಳುವಾಗುವುದು. ಭಾನುವಾರ ಒಂದೂವರೆ ಗಂಟೆ, ಹೆಚ್ಚು ಗುರುತು ಬಿದ್ದ ಎರಡೇ ವಿಷಯ, ಸಾಕು.

ಮರೆತದ್ದಕ್ಕೆ ಮರುಓದು ಆದೀತು. ಅದಲುಬದಲಿಗೆ ಎಷ್ಟು ಸಲ ಓದಿದರೂ ಪ್ರಯೋಜನವಿಲ್ಲ, ಎರಡನ್ನೂ ಅಕ್ಕಪಕ್ಕ ಇಡಬೇಕು. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಬಂದದ್ದು ಬುಕರ್ ಅಲ್ಲ, ಅಂತರರಾಷ್ಟ್ರೀಯ ಬುಕರ್. ಎಡ ಕಾಲಂನಲ್ಲಿ ಬುಕರ್: ಇಂಗ್ಲಿಷಿನಲ್ಲೇ ಬರೆದ ಕೃತಿಗೆ, ಹಣ ಲೇಖಕರಿಗೆ. ಬಲದಲ್ಲಿ ಅಂತರರಾಷ್ಟ್ರೀಯ ಬುಕರ್: ಇಂಗ್ಲಿಷಿಗೆ ಅನುವಾದವಾದ ಕೃತಿಗೆ, 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಹಾಗಾಗಿ ಅನುವಾದಕಿ ದೀಪಾ ಭಾಸ್ತಿಯವರ ಹೆಸರು ಅದೇ ಸಾಲಿಗೆ ಸೇರಬೇಕು. ಆಮೇಲೆ ಹಾಳೆ ಮುಚ್ಚಿ, ಎರಡೂ ಕಾಲಂಗಳನ್ನು ನೆನಪಿನಿಂದ ಬರೆಯಿರಿ. ಬುಧವಾರದ ಕ್ವಿಜ್‌ನಲ್ಲಿ ಇದೇ ಪ್ರಶ್ನೆ ತಿರುಗಿಸಿ ಕೇಳಿಕೊಳ್ಳಿ. ಆಗಲೂ ಸರಿಯಾದರೆ ಮಾತ್ರ ಪಟ್ಟಿಯಿಂದ ತೆಗೆಯಿರಿ.
– ಪರೀಕ್ಷಾ ಮಾರ್ಗದರ್ಶಕರು

ದಿನಕ್ಕೆ ನಾಲ್ಕೈದು ರಿಮೈಂಡರ್ ಇಟ್ಟರೆ ವಾರದೊಳಗೆ ಕೈ ತಾನಾಗಿ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಒಂದೇ ಇರಲಿ. ‘ಓದು’ ಎಂಬ ಹೆಸರು ಬೇಡ. ‘ನಿನ್ನೆಯ ಐದು ಪ್ರಶ್ನೆ, ಪುಸ್ತಕ ಮುಚ್ಚಿ’ ಎಂದಿರಲಿ. ಒಂದು ದಿನ ತಪ್ಪಿದರೆ ಎರಡು ದಿನದ ಪತ್ರಿಕೆ ಒಟ್ಟಿಗೆ ಓದಲು ಹೋಗಬೇಡಿ, ಅಂದಿನದನ್ನು ಓದಿ ಮುಂದೆ ಹೋಗಿ. ಬಿಟ್ಟದ್ದು ತಿಂಗಳ ಸಂಚಿಕೆಯಲ್ಲಿ ಸಿಗುತ್ತದೆ.
– ಓದುಗರೊಬ್ಬರು